ಪ್ರೀತಿಯ ಪ್ರಶ್ನೆಗೆ ನಾನು ಇಸ್ಪೀಟ್ ಎಲೆ ಓದುವ ರೀತಿ

ಮೊದಲು ಕಟ್ಟಿನಿಂದ ಎರಡರಿಂದ ಆರರವರೆಗಿನ ಎಲೆಗಳನ್ನು ತೆಗೆದಿಡುತ್ತೇನೆ, ಜೋಕರ್ ಕೂಡ. ಉಳಿಯುವುದು 32. ಇದು ಫ್ರಾನ್ಸಿನ ಹಳೇ ಪದ್ಧತಿ. ಪ್ಯಾರಿಸ್ಸಿನಲ್ಲಿ ಎಟೆಯ್ಲಾ ಅಂತ ಹೆಸರಿಟ್ಟುಕೊಂಡಿದ್ದ ಒಬ್ಬರು 1770ರಲ್ಲೇ ಈ 32 ಎಲೆಯ ಕಟ್ಟಿನಲ್ಲಿ ಭವಿಷ್ಯ ನೋಡುವ ಬಗ್ಗೆ ಪುಸ್ತಕ ತಂದಿದ್ದರು. ಪ್ರಶ್ನೆ ಕೇಳುವವರ ಗುರುತಿಗಾಗಿ ಅವರು ಬೇರೆಯೇ ಒಂದು ಎಲೆ ಸೇರಿಸುತ್ತಿದ್ದರು. ನಾನು ರಾಜ ರಾಣಿಯರಲ್ಲೇ ಒಬ್ಬರನ್ನು ಆರಿಸುತ್ತೇನೆ.

ಈ ಆರಿಸುವುದರಲ್ಲೇ ನಮ್ಮವರಿಗೆ ತೊಡಕು. ಯುರೋಪಿನವರು ಕೂದಲ ಬಣ್ಣ ನೋಡಿ ಎಲೆ ಕೊಡುತ್ತಾರೆ. ಹೊಂಬಣ್ಣದ ಕೂದಲಿಗೆ ಆಟೀನ್, ಕಂದು ಕೂದಲಿಗೆ ಕಳಾವರ್, ಕಪ್ಪಿಗೆ ಇಸ್ಪೀಟ್. ಹಾಗೆ ಹೋದರೆ ನಾವೆಲ್ಲ ಇಸ್ಪೀಟೇ ಆಗಿಬಿಡುತ್ತೇವೆ, ಅಲ್ವಾ? ಅದೂ ಅಲ್ಲದೆ ಇಸ್ಪೀಟ್ ರಾಣಿ ಅಂದರೆ ಹಳೇ ಓದಿನಲ್ಲಿ ಗಂಡ ತೀರಿಕೊಂಡವಳು. ಹಾಗಾಗಿ ಕೂದಲಿನ ಲೆಕ್ಕ ಬಿಟ್ಟಿದ್ದೇನೆ. ಕೇಳುವವರು ಆಟೀನ್, ಅವರ ಮನಸ್ಸಿನಲ್ಲಿ ಇರುವವರು ಕಳಾವರ್.

ಆಮೇಲೆ ಕಲಸುವುದು. ರಮ್ಮಿ ಆಡಿದ ಕಟ್ಟನ್ನು ಹಾಗೇ ಎರಡು ಸಲ ಕಲಸಿ ಹಾಸಿದರೆ ಆಟದಲ್ಲಿ ಕೂಡಿಸಿಟ್ಟ ಸೀಕ್ವೆನ್ಸ್‌ಗಳು ಅಂಟಿಕೊಂಡೇ ಬರುತ್ತವೆ. ಒಂದೇ ಬಣ್ಣದ ಏಳು, ಎಂಟು, ಒಂಬತ್ತು ಸಾಲಾಗಿ ಬಿದ್ದರೆ ನಾನು ಓದುವುದೇ ಇಲ್ಲ, ಅದು ನಿನ್ನೆಯ ಆಟ. ಎಲೆಗಳನ್ನು ಚಾಪೆಯ ಮೇಲೆ ಬೋರಲಾಗಿ ಹರಡಿ ಎರಡೂ ಕೈಯಿಂದ ಚೆನ್ನಾಗಿ ಕಲಸಿ, ಮತ್ತೆ ಒಟ್ಟು ಮಾಡಿ, ಕೇಳುವವರ ಕೈಯಲ್ಲೇ ಕಟ್ ಮಾಡಿಸುತ್ತೇನೆ.

ಹಾಸುವುದು ಸುಲಭ. ಕೇಳುವವರ ಎಲೆ ನಡುವೆ, ಎಡಕ್ಕೆ ಮೂರು, ಬಲಕ್ಕೆ ಮೂರು. ಎಡ ಆಗಿಹೋದದ್ದು, ಬಲ ಬರುವುದು.

ಒಬ್ಬ ಹುಡುಗಿಗೆ ನೋಡಿದ್ದು ಹೇಳುತ್ತೇನೆ. ಹುಡುಗ ಪುಣೆಗೆ ಕೆಲಸಕ್ಕೆ ಹೋಗಿದ್ದ, ಫೋನು ಕಡಿಮೆಯಾಗಿತ್ತು. ‘ಅಕ್ಕಾ, ಅವನು ಮದುವೆ ಮಾತಿಗೆ ಬರ್ತಾನಾ?’ ಅಂದಳು. ಎಡಗಡೆ ಹೊರಗಿನಿಂದ ಒಳಕ್ಕೆ ಆಟೀನ್ ಎಂಟು, ಡೈಮನ್ ಹತ್ತು, ಇಸ್ಪೀಟ್ ಏಳು. ನಡುವೆ ಅವಳ ಆಟೀನ್ ರಾಣಿ. ಬಲಗಡೆ ಕಳಾವರ್ ಗುಲಾಮ, ಡೈಮನ್ ಒಂಬತ್ತು, ಕಳಾವರ್ ಹತ್ತು.

ಬಿಡಿಬಿಡಿಯಾಗಿ ಅರ್ಥ ಹೀಗೆ. ಆಟೀನ್ ಎಂಟು ಒಲವು, ಡೈಮನ್ ಹತ್ತು ಪ್ರಯಾಣ, ಇಸ್ಪೀಟ್ ಏಳು ಚಿಂತೆ. ಡೈಮನ್ ಒಂಬತ್ತು ತಡ, ಕಳಾವರ್ ಹತ್ತು ದುಡ್ಡು. ಗುಲಾಮನನ್ನು ಮಾತ್ರ ಜೋಪಾನವಾಗಿ ಓದಬೇಕು, ಏಕೆಂದರೆ ಪ್ರೀತಿಯ ಪ್ರಶ್ನೆಯಲ್ಲಿ ಗುಲಾಮ ಬೇರೆ ಮನುಷ್ಯ ಅಲ್ಲ, ತನ್ನ ಬಣ್ಣದ ರಾಜನ ಮನಸ್ಸಿನ ಯೋಚನೆ. ಇದು ಗೊತ್ತಿಲ್ಲದವರು ‘ಮಧ್ಯ ಇನ್ನೊಬ್ಬ ಹುಡುಗ ಬರ್ತಾನೆ’ ಅಂತ ಹೇಳಿ ಸುಮ್ನೆ ಗಾಬರಿ ಹುಟ್ಟಿಸುತ್ತಾರೆ. ಇಲ್ಲಿ ಕಳಾವರ್ ರಾಜ ಬಂದಿಲ್ಲ, ಅವನ ಗುಲಾಮ ಅವಳ ಮಗ್ಗುಲಲ್ಲೇ ಇದೆ. ಅಂದರೆ ಅವನ ಯೋಚನೆಯೆಲ್ಲ ಅವಳ ಹತ್ತಿರವೇ ಇದೆ, ಆದರೆ ಅವನಾಗಿ ಬಂದು ಮಾತಾಡುವ ಸ್ಥಿತಿಯಲ್ಲಿ ಇನ್ನೂ ಇಲ್ಲ.

ನನಗೆ ಜಾಸ್ತಿ ತಿಳಿಯುವುದು ಆಮೇಲೆ, ಎರಡು ತುದಿಗಳಿಂದ ಜೋಡಿ ಮಾಡುವಾಗ. ತುದಿಯ ಜೋಡಿ ಒಲವು ಮತ್ತು ದುಡ್ಡು: ಪ್ರೀತಿ ಇದೆ, ಆದರೆ ಸಂಪಾದನೆಗೆ ಕಟ್ಟಿಕೊಂಡಿದೆ. ಮಧ್ಯದ ಜೋಡಿ ಪ್ರಯಾಣ ಮತ್ತು ತಡ: ಊರು ಬಿಟ್ಟು ಹೋದದ್ದರಿಂದಲೇ ತಡ. ಒಳಗಿನ ಜೋಡಿ ಚಿಂತೆ ಮತ್ತು ಅವನ ಯೋಚನೆ. ಅವಳ ಪಕ್ಕ ಕೂತಿದ್ದ ಚಿಂತೆ ಅವಳೊಬ್ಬಳದೇ ಅಂದುಕೊಂಡಿದ್ದೆವು, ಅದು ಅವನದೂ ಹೌದು. ಕೊನೆಗೆ ಬಣ್ಣಗಳ ಕಡೆ ನೋಡಿದೆ. ಅವಳ ರಾಣಿ ಬಿಟ್ಟರೆ ಆಟೀನ್ ಒಂದು, ಇಸ್ಪೀಟ್ ಒಂದು, ಉಳಿದದ್ದೆಲ್ಲ ಡೈಮನ್ ಮತ್ತು ಕಳಾವರ್. ಬೇರೆ ರಾಣಿಯೂ ಇಲ್ಲ. ಹಾಗಾಗಿ ಇನ್ನೊಬ್ಬ ಹುಡುಗಿಯ ಮಾತು ಇದರಲ್ಲಿ ಕಾಣಲಿಲ್ಲ, ಕೆಲಸ ಮತ್ತು ದೂರದ ಮಾತೇ ಕಂಡಿತು.

‘ಮದುವೆ ಯಾವಾಗ ಅಂತ ಕೇಳಬೇಡ, ಕೆಲಸ ಹೇಗಿದೆ ಅಂತ ಕೇಳಮ್ಮಾ’ ಅಂದೆ. ಕೇಳಿದಾಗ ಅವನು ಕೆಲಸ ಇನ್ನೂ ಪರ್ಮನೆಂಟ್ ಆಗಿಲ್ಲ, ಆಗದೆ ನಿಮ್ಮಪ್ಪನ ಮುಂದೆ ಯಾವ ಮುಖ ಇಟ್ಟುಕೊಂಡು ಬರಲಿ ಅಂದನಂತೆ.

ಎಷ್ಟು ತಿಂಗಳು ತಡ ಅಂತ ಅವಳು ಬಹಳ ಕೇಳಿದಳು. ಡೈಮನ್ ಒಂಬತ್ತು ತಡ ಅನ್ನುತ್ತದೆ, ತಾರೀಕು ಹೇಳುವುದಿಲ್ಲ, ನಾನೂ ಹೇಳಲಿಲ್ಲ. ಅವತ್ತೇ ಇನ್ನೊಂದು ಸಲ ಹಾಸಿ ಅಂದಳು, ಅದನ್ನೂ ಮಾಡಲಿಲ್ಲ. ಅದೇ ಪ್ರಶ್ನೆಗೆ ಮತ್ತೆ ಮತ್ತೆ ಹಾಸಿದರೆ ಇಷ್ಟವಾದ ಎಲೆ ಬರುವವರೆಗೂ ಹಾಸುತ್ತಲೇ ಇರುತ್ತೇವೆ, ಆಮೇಲೆ ಯಾವುದನ್ನು ನಂಬುವುದು? ಅವನ ಕೆಲಸದ ವಿಷಯ ಒಂದು ಕಡೆಗೆ ಬಂದ ಮೇಲೆ ಬಾ, ಆಗ ಹೊಸದಾಗಿ ನೋಡೋಣ ಅಂತ ಕಳಿಸಿದೆ.