ಸಂಜೆ ಏಳರ ಕೆಂಪು ದೀಪ: ಬ್ರಾಡ್‌ಬ್ಯಾಂಡ್ ಕಂಪನಿಗೆ ನಾನು ಬರೆದ ಪತ್ರ

ಮೈಸೂರಿನ ನಮ್ಮ ಮನೆಗೆ ಫೈಬರ್ ಬಂದು ಎರಡು ವರ್ಷವಾಗಿತ್ತು. ಈಚೆಗೆ ಸಂಜೆ ಆರೂವರೆ ದಾಟಿದರೆ ಸಾಕು, ನೆಟ್ ಹೋಗುತ್ತಿತ್ತು. ಕಾಲ್ ಸೆಂಟರ್‌ಗೆ ಮೂರು ಸಲ ದೂರು ಕೊಟ್ಟೆ. ಮೂರು ಸಲವೂ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಹುಡುಗ ಬಂದ, ಮೊಬೈಲಿನಲ್ಲಿ ಸ್ಪೀಡ್ ನೋಡಿದ, "ಎಲ್ಲಾ ಸರಿಯಾಗಿದೆಯಲ್ಲಾ ಸರ್" ಅಂದ, ಹೋದ. ಸಂಜೆಯೊಳಗೆ ದೂರು ಪರಿಹಾರವಾಗಿದೆ ಎಂಬ ಮೆಸೇಜು. ಅವನದೂ ತಪ್ಪಲ್ಲ, ಹನ್ನೊಂದು ಗಂಟೆಗೆ ಎಲ್ಲಾ ಸರಿಯಾಗಿಯೇ ಇರುತ್ತಿತ್ತು.

ತಪ್ಪು ನನ್ನದೂ ಇತ್ತು. "ಸಂಜೆ ನೆಟ್ ಬರಲ್ಲ" ಎಂದಷ್ಟೇ ಹೇಳಿದ್ದೆ. ಆ ಮಾತಿಗೆ ಎರಡು ಅರ್ಥ. ಬೀದಿಯವರೆಲ್ಲ ಒಟ್ಟಿಗೆ ಸಿನಿಮಾ ನೋಡಲು ಕೂತಾಗ ವೇಗ ಕುಸಿಯುವುದು ಒಂದು; ಆಗ ಮೋಡೆಮ್‌ನ PON ದೀಪ ಹಸಿರಾಗಿ ಸ್ಥಿರವಾಗಿಯೇ ಇರುತ್ತದೆ. ನೆಟ್ ಹೊತ್ತು ತರುವ ಬೆಳಕೇ ಫೈಬರ್ ತಂತಿಯಲ್ಲಿ ಬಾರದಿರುವುದು ಇನ್ನೊಂದು. ಆಗ LOS ದೀಪ ಕೆಂಪಗೆ ಮಿನುಗುತ್ತದೆ. ನಮ್ಮಲ್ಲಿ ಮಿನುಗುತ್ತಿದ್ದುದು ಕೆಂಪು. ಅಂದರೆ ವೈಫೈ, ಪ್ಲಾನು, ಫೋನು ಯಾವುದರ ಮಾತೂ ಬೇಡ, ಲೈನೇ ನೋಡಬೇಕು.

ಹದಿನಾಲ್ಕು ದಿನ ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟೆ. ಹೋದದ್ದು ಎಷ್ಟಕ್ಕೆ, ಬಂದದ್ದು ಎಷ್ಟಕ್ಕೆ, ಯಾವ ದೀಪ, ಕರೆಂಟು ಇತ್ತೋ ಇಲ್ಲವೋ. ಕರೆಂಟಿನದು ಮುಖ್ಯ, ಅದನ್ನು ಬರೆಯದಿದ್ದರೆ "ನಿಮ್ಮಲ್ಲೇ ಪವರ್ ಹೋಗಿರಬೇಕು" ಎಂದು ಕೈ ತೊಳೆದುಕೊಳ್ಳುತ್ತಾರೆ. ಜೊತೆಗೆ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಮೋಡೆಮ್‌ನ ಪುಟ `192.168.1.1` ತೆರೆದು Rx Power ಎಂಬ ಅಂಕಿಯನ್ನು ಬೆಳಿಗ್ಗೆ, ಸಂಜೆ ನೋಡಿದೆ. ಮನೆಗೆ ತಲುಪುವ ಬೆಳಕಿನ ಬಲ ಅದು, ಮೈನಸ್ ಲೆಕ್ಕದಲ್ಲಿರುತ್ತದೆ. ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬೆಳಕು ಕಮ್ಮಿ. ಮೈನಸ್ 27ರ ಆಸುಪಾಸಿಗೆ ಬಂದರೆ ಸಾಮಾನ್ಯ ಮೋಡೆಮ್‌ಗೆ ಕಣ್ಣು ಕಾಣದು. ಬೆಳಿಗ್ಗೆ ನಮ್ಮದು ಮೈನಸ್ 22 ಇರುತ್ತಿತ್ತು, ಸಂಜೆ ಲೈನ್ ಇದ್ದಾಗಲೂ ಮೈನಸ್ 26.

ಆಮೇಲೆ ಪತ್ರ ಬರೆದೆ. ಮೊದಲ ಕರಡಿನಲ್ಲಿ ಸಿಟ್ಟೇ ಅರ್ಧ ಪುಟವಿತ್ತು, ಹೊಡೆದುಹಾಕಿದೆ. ಕಳಿಸಿದ್ದು ಇಷ್ಟು:

"ಮಾನ್ಯರೇ,

ವಿಷಯ: ಸಂಜೆ ಪದೇ ಪದೇ ಸಂಪರ್ಕ ಕಡಿತ, ಲೈನ್ ತಪಾಸಣೆಗೆ ಕೋರಿಕೆ.

ನನ್ನ ಗ್ರಾಹಕ ಸಂಖ್ಯೆ ಹಾಗೂ ಹಿಂದಿನ ಮೂರು ದೂರುಗಳ ಡಾಕೆಟ್ ಸಂಖ್ಯೆ ಮೇಲೆ ಬರೆದಿದ್ದೇನೆ. ಹದಿನಾಲ್ಕು ದಿನಗಳಲ್ಲಿ ಹನ್ನೆರಡು ದಿನ ಸಂಜೆ 6:30ರಿಂದ 9:30ರ ನಡುವೆ ಸಂಪರ್ಕ ಕಡಿದಿದೆ. ಉದಾಹರಣೆಗೆ, ಕಳೆದ ಬುಧವಾರ 6:52ರಿಂದ 7:05, 7:31ರಿಂದ 7:34, 8:10ರಿಂದ 8:41. ಉಳಿದ ದಿನಗಳ ಪಟ್ಟಿ ಲಗತ್ತಿಸಿದೆ. ಪ್ರತಿ ಸಲವೂ LOS ದೀಪ ಕೆಂಪಾಗಿತ್ತು, ಮನೆಯಲ್ಲಿ ವಿದ್ಯುತ್ ಇತ್ತು. ಎರಡೂ ಸೋಮವಾರ ಒಮ್ಮೆಯೂ ಕಡಿದಿಲ್ಲ.

ಆದ್ದರಿಂದ ಸಂಜೆ 7ರಿಂದ 9ರೊಳಗೆ ಸಿಬ್ಬಂದಿಯನ್ನು ಕಳಿಸಿ, ನಮ್ಮ ಮನೆಯಲ್ಲೂ ಕಂಬದ ಪೆಟ್ಟಿಗೆಯಲ್ಲೂ ಪವರ್ ಮೀಟರ್‌ನಿಂದ ಬೆಳಕನ್ನು ಅಳೆಯಿಸಬೇಕು. ಅಳತೆಯನ್ನು ಬರೆದು ತಿಳಿಸುವವರೆಗೆ ದೂರನ್ನು ಮುಚ್ಚಬಾರದೆಂದು ಕೋರುತ್ತೇನೆ."

ಎರಡು ಕಡೆ ಅಳೆಯಿಸಿ ಎಂದದ್ದಕ್ಕೆ ಕಾರಣವಿದೆ. ಕಂಬದಲ್ಲಿ ಬೆಳಕು ಚೆನ್ನಾಗಿದ್ದು ಮನೆಯಲ್ಲಿ ಕಮ್ಮಿಯಾದರೆ ದೋಷ ನಡುವಿನ ಕೇಬಲ್ಲಿನಲ್ಲಿ. ಕಂಬದಲ್ಲೇ ಕಮ್ಮಿಯಿದ್ದರೆ ಅದರಾಚೆ. ಇಮೇಲ್‌ನಲ್ಲಿ ಕಳಿಸಿ ಹೊಸ ಡಾಕೆಟ್ ಸಂಖ್ಯೆ ಪಡೆದೆ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2012ರ ನಿಯಮದ ಪ್ರಕಾರ ದೂರಿಗೆ ಸರಿಯಾದ ಉತ್ತರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅಲ್ಲಿ ಈ ಸಂಖ್ಯೆ ಬೇಕು. ನನಗೆ ಅಷ್ಟು ದೂರ ಹೋಗಬೇಕಾಗಲಿಲ್ಲ.

ನಾಲ್ಕನೇ ದಿನ ಸಂಜೆ ಏಳೂಕಾಲಿಗೆ ಲೈನ್‌ಮ್ಯಾನ್ ಬಂದರು, ವಯಸ್ಸಾದವರು. ಮನೆಯಲ್ಲಿ ಮೈನಸ್ 26.8, ಕಂಬದಲ್ಲಿ ಮೈನಸ್ 20. ಪಟ್ಟಿ ನೋಡಿ, "ಸೋಮವಾರ ಯಾಕಿಲ್ಲ ಸಾರ್?" ಅಂದವರು ತಾವೇ ಕೇಬಲ್ ಹಿಡಿದು ಬೀದಿಯುದ್ದ ನಡೆದರು. ತಿರುವಿನಲ್ಲಿ ಬಜ್ಜಿ ಗಾಡಿ. ಸಂಜೆ ಆರಕ್ಕೆ ಗಾಡಿ ನಿಲ್ಲಿಸಿ, ಟಾರ್ಪಾಲಿನ ಹಗ್ಗವನ್ನು ತಿರುವಿನ ಕಂಬಕ್ಕೆ ಕಟ್ಟುತ್ತಿದ್ದರು, ಅಲ್ಲಿ ನೇತಾಡುತ್ತಿದ್ದ ನಮ್ಮ ಕೇಬಲ್ ಸುರುಳಿಯನ್ನೂ ಸೇರಿಸಿ. ಗಾಳಿಗೆ ಟಾರ್ಪಾಲು ಉಬ್ಬಿದಾಗ ಹಗ್ಗ ಬಿಗಿದು ಸುರುಳಿ ಹೆಬ್ಬೆರಳ ಗಾತ್ರಕ್ಕೆ ಮಡಚುತ್ತಿತ್ತು. ಫೈಬರ್ ಅಷ್ಟು ಬಾಗಿದರೆ ತುಂಡಾಗಬೇಕಿಲ್ಲ, ಬೆಳಕು ಬಾಗಿದ ಜಾಗದಲ್ಲೇ ಹೊರಗೆ ಸೋರಿಹೋಗುತ್ತದೆ. ಗಾಡಿಗೆ ಸೋಮವಾರ ರಜೆ.

ಹಗ್ಗ ಬಿಚ್ಚಿಸಿ, ಸುರುಳಿಯನ್ನು ಅಗಲವಾಗಿ ಸುತ್ತಿ ಎರಡಾಳೆತ್ತರದಲ್ಲಿ ಕಟ್ಟಿದರು. ಮೀಟರ್ ಮೈನಸ್ 21.7 ತೋರಿಸಿತು. ಬಜ್ಜಿಯವರು "ಹೇಳಿದ್ದರೆ ಅವತ್ತೇ ಬಿಚ್ಚುತ್ತಿದ್ದೆನಲ್ಲಾ ಸ್ವಾಮಿ" ಎನ್ನುತ್ತಾ ಇಬ್ಬರಿಗೂ ಮೆಣಸಿನಕಾಯಿ ಬಜ್ಜಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.