ಬ್ಯಾಂಕಿನ ಮೆಸೇಜು: ಜಮಾ ಎಂದರೆ ಖಾತೆ ನೋಡಿ, ಖರ್ಚು ಎಂದರೆ ದಿನ ಎಣಿಸಿ

ಪುಣೆಗೆ ಬಂದ ಹೊಸದರಲ್ಲಿ ಬಾಡಿಗೆ ಡಿಪಾಸಿಟ್ಟು, ಗ್ಯಾಸು, ಶಾಲೆ ಫೀಸು ಅಂತ ದಿನಕ್ಕೆ ಹತ್ತು ಮೆಸೇಜು ಬರುತ್ತವೆ. ಓದದೆ ಬಿಡುವ ಅಭ್ಯಾಸ ಶುರುವಾಗುವುದು ಆಗಲೇ.

ವಾಕಡಿನಲ್ಲಿರುವ ನಮ್ಮ ಸಂಘದ ಒಬ್ಬ ಅಕ್ಕ ಹಳೇ ಮಂಚ ಮಾರಲು ಹೊರಟಿದ್ದರು. ಬೆಲೆ 1,500. ಸ್ವಲ್ಪ ಹೊತ್ತಿಗೆ "Rs 15,000 credited" ಎಂಬ ಮೆಸೇಜು ಬಂತು, ಅದರ ಬೆನ್ನಿಗೇ ಫೋನು: "ದೀದಿ, ಒಂದು ಸೊನ್ನೆ ಹೆಚ್ಚು ಬಿತ್ತು, 13,500 ವಾಪಸ್ ಹಾಕಿ." ಅಕ್ಕ ಮೊದಲು ಕಳಿಸಿದವರು ಯಾರೆಂದು ನೋಡಿದರು. ಹತ್ತು ಅಂಕಿಯ ಮೊಬೈಲ್ ನಂಬರು! ಬ್ಯಾಂಕಿನ ಮೆಸೇಜು ನಂಬರಿನಿಂದಲ್ಲ, ಅಕ್ಷರದ ಹೆಸರಿನಿಂದ ಬರುತ್ತದೆ; ಈಗ ಆ ಹೆಸರಿನ ಕೊನೆಗೆ -S ಅಥವಾ -T ಇರುತ್ತದೆ, -P ಇದ್ದರೆ ಅದು ಜಾಹೀರಾತು. ಆಮೇಲೆ ಬ್ಯಾಂಕಿನ ಆ್ಯಪ್ ತೆರೆದರು. ಒಂದು ಪೈಸೆಯೂ ಬಂದಿರಲಿಲ್ಲ. ಜಮಾ ಆಯಿತೆಂಬ ಮೆಸೇಜಾಗಲಿ ಇಮೇಲಾಗಲಿ, ಖಾತೆಯಲ್ಲಿ ಕಾಣುವವರೆಗೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಒಟಿಪಿ ಬಂದರೆ ಅಂಕಿಗಿಂತ ಮುಂಚೆ ಅದರ ಸುತ್ತಲಿನ ಮಾತು ಓದಿ: ಎಷ್ಟು ಹಣ, ಯಾರಿಗೆ. ನೀವು ಏನೂ ಕೊಳ್ಳದಿದ್ದಾಗ ಬಂದರೆ ಯಾರಿಗೂ ಹೇಳಬೇಡಿ, ಬ್ಯಾಂಕಿಗೆ ಮಾತ್ರ ತಿಳಿಸಿ.

ನೀವು ಮಾಡದ ಖರ್ಚಿಗೆ "debited" ಬಂದರೆ ಮೆಸೇಜಿನಲ್ಲಿರುವ ಲಿಂಕನ್ನಾಗಲಿ ನಂಬರನ್ನಾಗಲಿ ಮುಟ್ಟಬೇಡಿ. ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಿ ಕಾರ್ಡು ನಿಲ್ಲಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ ಎಂದಾದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ನಾಲ್ಕರಿಂದ ಏಳನೇ ದಿನದವರೆಗೆ ಸಾಮಾನ್ಯ ಉಳಿತಾಯ ಖಾತೆಯವರು ಒಂದು ವಹಿವಾಟಿಗೆ ಹೆಚ್ಚೆಂದರೆ 10,000 ಹೊರಬೇಕು. ಒಟಿಪಿ ನೀವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಹೋದದ್ದೆಲ್ಲ ನಿಮ್ಮದೇ.

ದಿನ ಎಣಿಸುವುದರಲ್ಲೊಂದು ಮಜಾ ಇದೆ. ಮೆಸೇಜು ಬಂದ ದಿನ ಲೆಕ್ಕಕ್ಕಿಲ್ಲ, ಮತ್ತು ನೋಡುವುದು ನಿಮ್ಮ ಮೂಲ ಶಾಖೆಯ ಕೆಲಸದ ದಿನಗಳನ್ನು. ಖಾತೆ ಇನ್ನೂ ಹುಬ್ಬಳ್ಳಿಯಲ್ಲಿದ್ದರೆ ರಜೆಯೂ ಹುಬ್ಬಳ್ಳಿಯದೇ. ಶುಕ್ರವಾರ ಮೆಸೇಜು ಬಂದು ಮರುದಿನ ಎರಡನೇ ಶನಿವಾರವಾದರೆ ಸೋಮ, ಮಂಗಳ, ಬುಧ ನಿಮ್ಮ ಮೂರು ದಿನ. ಹಾಗಂತ ಬುಧವಾರದವರೆಗೆ ಕಾಯಬೇಡಿ, ಹೋದ ಹಣ ಗಂಟೆಗಳಲ್ಲಿ ಕೈ ಬದಲಾಯಿಸುತ್ತದೆ.

ಯುಪಿಐಯಲ್ಲಿ ಹಣ ಕಡಿತವಾಗಿ ಅಂಗಡಿಯವರಿಗೆ ಸಿಗದಿದ್ದರೆ ಅದು ಬೇರೆ ಕಥೆ. ಸಾಮಾನ್ಯವಾಗಿ ಐದು ದಿನದೊಳಗೆ ತಾನೇ ವಾಪಸಾಗುತ್ತದೆ.

ಇಲ್ಲಿ ಹೊಸ ಸಿಮ್ ಕೊಂಡವರು ಊರಿನ ಹಳೇ ನಂಬರನ್ನು ಸಾಯಲು ಬಿಡುತ್ತಾರೆ. ಮೊದಲು ಶಾಖೆಗೆ ಹೋಗಿ ಖಾತೆಗೆ ಜೋಡಿಸಿದ ಮೊಬೈಲ್ ನಂಬರು ಬದಲಿಸಿ. ಇಲ್ಲಿನ ಕೌಂಟರಿನಲ್ಲಿ ಜಮಾ ಎಂದರೆ ಜಮಾನೇ, ಖರ್ಚಿಗೆ ಮಾತ್ರ ಮರಾಠಿಯಲ್ಲಿ "ನಾವೆ" ಅನ್ನುತ್ತಾರೆ.