ಮಾನಿಟರ್‌ಗೆ ಬಿದ್ದ ಪೆಟ್ಟು, ಮೂರು ಗೆರೆ ಮತ್ತು ರಿಪೇರಿಯ ಲೆಕ್ಕ

ಮೇಜನ್ನು ಗೋಡೆಯ ಕಡೆಗೆ ಸರಿಸುವಾಗ ಕುರ್ಚಿಯ ಕೈ ಮಾನಿಟರ್‌ನ ಕೆಳ ಅಂಚಿಗೆ ತಾಗಿತು. ಬಿದ್ದದ್ದು ದೊಡ್ಡ ಪೆಟ್ಟೇನಲ್ಲ, ‘ಟಕ್’ ಎಂದಿತು ಅಷ್ಟೇ. ಆದರೆ ಪರದೆಯನ್ನು ಆನ್ ಮಾಡಿದಾಗ ಮೇಲಿನಿಂದ ಕೆಳಗಿನವರೆಗೆ ಕೂದಲೆಳೆಯಂಥ ಮೂರು ಗೆರೆಗಳು ನಿಂತಿದ್ದವು. ಒಂದು ಹಸಿರು, ಎರಡು ಗುಲಾಬಿ. ನಾಲ್ಕು ವರ್ಷ ಹಳೆಯ, 24 ಇಂಚಿನ, 1920 × 1080 ಪಿಕ್ಸೆಲ್‌ಗಳ ಐಪಿಎಸ್ ಮಾನಿಟರ್ ಅದು. ಅದನ್ನು ಉಳಿಸಿಕೊಳ್ಳಲು ಏನೇನು ಮಾಡಿದೆ, ಎಲ್ಲಿ ಎಡವಿದೆ ಎಂಬುದನ್ನು ಬರೆದಿಡುತ್ತಿದ್ದೇನೆ.

ಮೊದಲು ಅನುಮಾನ ಹೋಗುವುದು ಕೇಬಲ್ ಮೇಲೆ. ಅದನ್ನು ಬಗೆಹರಿಸಲು ಒಂದು ನಿಮಿಷ ಸಾಕು. ಕಂಪ್ಯೂಟರ್‌ನಿಂದ ಬರುವ ಕೇಬಲ್ ಕಿತ್ತು, ಮಾನಿಟರ್ ತಾನೇ ತೋರಿಸುವ ‘ಸಿಗ್ನಲ್ ಇಲ್ಲ’ ಎಂಬ ಸೂಚನೆಯನ್ನು ನೋಡಬೇಕು. ಆಗಲೂ ಗೆರೆ ಇದ್ದರೆ ತಪ್ಪು ಮಾನಿಟರ್‌ನ ಒಳಗಿದೆ. ನನ್ನದರಲ್ಲಿ ಹಸಿರು ಗೆರೆ ಕದಲದೆ ನಿಂತಿತ್ತು. ಆಮೇಲೆ ಪರದೆಯನ್ನು ಪೂರ್ತಿ ಆರಿಸಿ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ಗಾಜಿನ ಅಂಚುಗಳನ್ನೆಲ್ಲ ನೋಡಿದೆ. ಬಿರುಕು ಇರಲಿಲ್ಲ. ಬಿರುಕು ಕಂಡಿದ್ದರೆ, ಅಥವಾ ಶಾಯಿ ಚೆಲ್ಲಿದಂತೆ ಕಪ್ಪು ಕಲೆ ಹರಡಿದ್ದರೆ, ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಒಡೆದ ಗಾಜನ್ನು ಯಾರೂ ಕೂಡಿಸಲಾರರು.

ಗೆರೆಗಳ ಬಣ್ಣವೂ ಒಂದು ಸುಳಿವು. ಬಿಳಿ ಪರದೆಯ ಮೇಲೆ ಸಣ್ಣದೊಂದು ನೀರಿನ ಹನಿ ಇಟ್ಟು ನೋಡಿದರೆ ಅದು ಭೂತಗನ್ನಡಿಯಂತೆ ಕೆಲಸ ಮಾಡಿ, ಪ್ರತಿ ಪಿಕ್ಸೆಲ್ ಕೆಂಪು, ಹಸಿರು, ನೀಲಿ ಎಂಬ ಮೂರು ಕಡ್ಡಿಗಳಾಗಿ ಕಾಣುತ್ತದೆ. ಒಂದು ಬಣ್ಣದ ಕಡ್ಡಿಗಳು ಮೇಲಿನಿಂದ ಕೆಳಗಿನವರೆಗೆ ಒಂದೇ ತಂತಿಗೆ ಸೇರಿಕೊಂಡಿರುತ್ತವೆ. ನನ್ನ ಹಸಿರು ಗೆರೆ ಕಪ್ಪು ಪರದೆಯಲ್ಲಿ ಎದ್ದು ಕಾಣುತ್ತಿತ್ತು, ಬಿಳಿಯಲ್ಲಿ ಮಾಯವಾಗುತ್ತಿತ್ತು. ಅಂದರೆ ಆ ಹಸಿರು ಸಾಲು ಸದಾ ಉರಿಯುತ್ತಿದೆ. ಗುಲಾಬಿ ಗೆರೆಗಳು ಇದಕ್ಕೆ ತದ್ವಿರುದ್ಧ: ಬಿಳಿಯಲ್ಲಿ ಕಾಣುತ್ತವೆ, ಕಪ್ಪಿನಲ್ಲಿ ಕಾಣುವುದಿಲ್ಲ. ಅಲ್ಲಿ ಹಸಿರು ಆರಿಹೋಗಿ ಕೆಂಪು ಮತ್ತು ನೀಲಿ ಮಾತ್ರ ಉಳಿದಿವೆ. ಹೀಗೆ ಒಂದೊಂದೇ ಬಣ್ಣದ ಒಂಟಿ ಗೆರೆಗಳು ಬಂದರೆ ಸಿಗ್ನಲ್ ತರುವ ಒಳಕೇಬಲ್ ಸಡಿಲವಾಗಿದೆ ಎಂದು ಆಸೆಪಡಬಾರದು. ಆ ಕೇಬಲ್ ಕೆಟ್ಟರೆ ಸಾಮಾನ್ಯವಾಗಿ ಇಡೀ ಚಿತ್ರದ ಬಣ್ಣ ಕೆಡುತ್ತದೆ, ಇಲ್ಲವೇ ಚಿತ್ರ ನಡುಗುತ್ತದೆ. ನನ್ನ ಮೂರು ಗೆರೆಗಳು ಮೂರು ತಂತಿಗಳ ಕಥೆ.

1920 ಪಿಕ್ಸೆಲ್‌ಗಳ ಅಗಲಕ್ಕೆ ಅಂಥ 5760 ತಂತಿಗಳಿರುತ್ತವೆ. ಗಾಜಿನ ಒಂದು ಅಂಚಿನಲ್ಲಿ ತೆಳುವಾದ ಪ್ಲಾಸ್ಟಿಕ್ ಫಿಲ್ಮ್ ಪಟ್ಟಿಗಳು ಅಂಟಿಕೊಂಡಿರುತ್ತವೆ, ಒಂದೊಂದು ಪಟ್ಟಿಯ ಮೇಲೂ ಒಂದು ಡ್ರೈವರ್ ಚಿಪ್ ಕೂತಿರುತ್ತದೆ. ಈ ಪಟ್ಟಿಗೆ ರಿಪೇರಿಯವರು ಸಿಒಎಫ್ ಅಥವಾ ಟ್ಯಾಬ್ ಎನ್ನುತ್ತಾರೆ. ಪಟ್ಟಿಯನ್ನು ಗಾಜಿಗೆ ಹಿಡಿದಿಡುವುದು ಬೆಸುಗೆಯಲ್ಲ, ಎಸಿಎಫ್ ಎಂಬ ಅಂಟು. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಕಣಗಳು ಇರುತ್ತವೆ. ಬಿಸಿ ಮತ್ತು ಒತ್ತಡದಿಂದ ಅದುಮಿದಾಗ ಆ ಕಣಗಳು ಮೇಲಿನ ತಂತಿಯನ್ನೂ ಕೆಳಗಿನ ತಂತಿಯನ್ನೂ ಮುಟ್ಟಿಸುತ್ತವೆ, ಪಕ್ಕದ ತಂತಿಗಳನ್ನು ಮಾತ್ರ ಮುಟ್ಟಿಸುವುದಿಲ್ಲ. ಪೆಟ್ಟು ಬಿದ್ದಾಗ ಈ ಅಂಟು ತುದಿಯಿಂದ ಎದ್ದರೆ ಅಲ್ಲಿನ ತಂತಿಗಳು ಸಂಪರ್ಕ ಕಳೆದುಕೊಳ್ಳುತ್ತವೆ.

ಇದನ್ನು ತಿಳಿದುಕೊಂಡ ಮೇಲೆ ಅಳತೆಪಟ್ಟಿ ತಂದೆ. ಪರದೆಯ ಬೆಳಗುವ ಭಾಗದ ಅಗಲ 53.1 ಸೆಂ.ಮೀ. ಎಡ ಅಂಚಿನಿಂದ ಹಸಿರು ಗೆರೆ 35.5ರಲ್ಲಿ, ಒಂದು ಗುಲಾಬಿ 35.7ರಲ್ಲಿ, ಇನ್ನೊಂದು ಗುಲಾಬಿ 38.7ರಲ್ಲಿ ಇದ್ದವು. ಕಾಗದದ ಮೇಲೆ ಗುರುತು ಹಾಕಿಕೊಂಡು ಮಾನಿಟರ್ ಬಿಚ್ಚಿದೆ. ನನ್ನದಕ್ಕೆ ವಿದ್ಯುತ್ ಹೊರಗಿನ ಅಡಾಪ್ಟರ್‌ನಿಂದ ಬರುವುದರಿಂದಲೇ ಈ ಧೈರ್ಯ. ಪವರ್ ಸಪ್ಲೈ ಒಳಗೇ ಇರುವ ಮಾನಿಟರ್ ಆಗಿದ್ದರೆ ತೆರೆದಿಟ್ಟು ಆನ್ ಮಾಡುವ ಮಾತೇ ಇಲ್ಲ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳು ಹೊಡೆಯುತ್ತವೆ.

ಕಂಬಳಿಯ ಮೇಲೆ ಮುಖ ಕೆಳಗಾಗಿ ಮಲಗಿಸಿ, ಸ್ಟ್ಯಾಂಡ್ ತೆಗೆದು, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಚೌಕಟ್ಟಿನ ಕೊಕ್ಕೆಗಳನ್ನು ಒಂದೊಂದಾಗಿ ಬಿಡಿಸಿದೆ. ಟ್ಯಾಬ್‌ಗಳಿರುವ ಅಂಚಿನಲ್ಲಿ ಕಾರ್ಡನ್ನು ಆಳಕ್ಕೆ ತೂರಿಸಬಾರದು. ಇದ್ದ ಮೂರು ಗೆರೆ ಮೂವತ್ತಾಗುತ್ತದೆ. ಕೆಳ ಅಂಚಿನಲ್ಲಿ ಆರು ಪಟ್ಟಿಗಳು ಕಂಡವು. 53.1ನ್ನು ಆರರಿಂದ ಭಾಗಿಸಿದರೆ ಒಂದೊಂದರ ಪಾಲಿಗೆ 8.85 ಸೆಂ.ಮೀ. ಪರದೆ. ನಾಲ್ಕನೆಯದರ ಗಡಿ 35.4ಕ್ಕೆ ಮುಗಿದು ಐದನೆಯದು ಶುರುವಾಗುತ್ತದೆ. ಮೂರೂ ಗೆರೆಗಳು ಐದನೆಯ ಪಟ್ಟಿಗೆ ಸೇರಿದವು. ಅವುಗಳಲ್ಲಿ ಎರಡು ಅದರ ಎಡಗಡಿಯಿಂದ ಒಂದು ಮತ್ತು ಮೂರು ಮಿಲಿಮೀಟರ್ ದೂರದಲ್ಲಿವೆ. ಪಟ್ಟಿಯ ಎಡತುದಿಯ ಅಂಟು ಎದ್ದಿದೆ ಎಂದು ಅಳತೆಯೇ ಹೇಳುತ್ತಿತ್ತು. ಹಿಂದಿನಿಂದ ನೋಡುವಾಗ ಎಡಬಲ ಅದಲುಬದಲಾಗುತ್ತದೆ ಎಂಬುದನ್ನು ಮರೆತು ನಾನು ಮೊದಲ ಕಾಲು ಗಂಟೆ ತಪ್ಪು ಪಟ್ಟಿಯನ್ನು ಪರೀಕ್ಷಿಸಿದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಪರದೆಯನ್ನು ನೆಟ್ಟಗೆ ನಿಲ್ಲಿಸಿ, ಆನ್ ಮಾಡಿ, ಪೆನ್ಸಿಲ್ ರಬ್ಬರಿನಿಂದ ಗೆರೆಯ ನೇರ ಕೆಳಗೆ ಒತ್ತಿದೆ. ಏನೂ ಆಗಲಿಲ್ಲ. ಕಾರಣ ಆಮೇಲೆ ಹೊಳೆಯಿತು: ಫಿಲ್ಮ್ ಪಟ್ಟಿಯ ಅಗಲ 5 ಸೆಂ.ಮೀ.ಗಿಂತ ಕಡಿಮೆ, ಅದು ನೋಡಿಕೊಳ್ಳುವ ಪರದೆ 8.85 ಸೆಂ.ಮೀ. ತಂತಿಗಳು ಗಾಜಿನ ಮೇಲೆ ಬೀಸಣಿಗೆಯಂತೆ ಹರಡಿ ಮೇಲೇರುತ್ತವೆ. ಹಾಗಾಗಿ ಗೆರೆ ಒಂದು ಕಡೆ, ಅದರ ಬೇರು ಇನ್ನೊಂದು ಕಡೆ. ಎರಡು ಸೆಂ.ಮೀ. ಬಲಕ್ಕೆ, ಪಟ್ಟಿಯ ಎಡತುದಿ ಇರುವಲ್ಲಿ ಒತ್ತಿದಾಗ ಹಸಿರು ಗೆರೆಯೂ ಅದರ ಪಕ್ಕದ ಗುಲಾಬಿಯೂ ದೀಪ ಆರಿಸಿದಂತೆ ಮಾಯವಾದವು. ಮೂರನೆಯದು ಮಾತ್ರ ಎಷ್ಟು ಒತ್ತಿದರೂ ಜಗ್ಗಲಿಲ್ಲ. ಅದರ ದಾರಿ ಬೇರೆಲ್ಲೋ ತುಂಡಾಗಿತ್ತು.

ಒಂದು ಮಿಲಿಮೀಟರ್ ದಪ್ಪದ ಫೋಮ್‌ನಿಂದ ಪುಟ್ಟ ತುಂಡು ಕತ್ತರಿಸಿ ಆ ಜಾಗದಲ್ಲಿ ಅಂಟಿಸಿ ಚೌಕಟ್ಟು ಮುಚ್ಚಿದೆ. ಫೋಮ್ ಇದಕ್ಕಿಂತ ದಪ್ಪವಾದರೆ ಗಾಜು ಬಿರಿಯುವ ಭಯವಿದೆ. ಒಂದೇ ಗೆರೆಯೊಂದಿಗೆ ನಾಲ್ಕು ತಿಂಗಳು ನೆಮ್ಮದಿಯಿಂದ ಕೆಲಸ ಮಾಡಿದೆ. ಆಮೇಲೆ ಮಾನಿಟರ್ ಬಿಸಿಯಾದಾಗಲೆಲ್ಲ, ಆನ್ ಮಾಡಿ ಅರ್ಧ ಗಂಟೆಯಾದ ಮೇಲೆ, ಹಸಿರು ಮೆಲ್ಲಗೆ ಇಣುಕತೊಡಗಿತು.

ಆಗ ರಿಪೇರಿಯ ಬೆಲೆ ವಿಚಾರಿಸಿದೆ. ಅಂಥದ್ದೇ ಹೊಸ ಮಾನಿಟರ್‌ನ ಬೆಲೆ ನೂರು ಎಂದಿಟ್ಟುಕೊಳ್ಳಿ. ಸರ್ವಿಸ್ ಸೆಂಟರ್‌ನವರು ಹೊಸ ಪ್ಯಾನೆಲ್‌ಗೆ ಎಪ್ಪತ್ತು, ಕೂಲಿಗೆ ಹತ್ತು ಎಂದರು. ಪೆಟ್ಟು ಬಿದ್ದದ್ದರಿಂದ ವಾರಂಟಿಯ ಮಾತು ಎತ್ತುವಂತೆಯೇ ಇರಲಿಲ್ಲ. ಕೆಟ್ಟ ಮಾನಿಟರ್‌ನಿಂದ ತೆಗೆದ ಹಳೆಯ ಪ್ಯಾನೆಲ್ ನಲವತ್ತೈದಕ್ಕೆ ಇತ್ತು. ಆದರೆ ಒಂದೇ ಮಾದರಿಯ ಮಾನಿಟರ್‌ಗಳಲ್ಲೂ ಬೇರೆ ಬೇರೆ ಪ್ಯಾನೆಲ್ ಇರುವುದುಂಟು. ಪ್ಯಾನೆಲ್‌ನ ಬೆನ್ನಿನ ಚೀಟಿಯಲ್ಲಿರುವ ಸಂಖ್ಯೆ ಕೊನೆಯ ಅಕ್ಷರದವರೆಗೂ ಹೊಂದಬೇಕು. ಅಲ್ಲದೆ, ಬರಿ ಪ್ಯಾನೆಲ್ ಪಾರ್ಸೆಲ್‌ನಲ್ಲಿ ಒಡೆಯದೆ ಬಂದರೆ ಪುಣ್ಯ. ಮೂರನೆಯ ದಾರಿ ಬಾಂಡಿಂಗ್: ಹಳೆಯ ಅಂಟನ್ನು ಒರೆಸಿ, ಹೊಸ ಎಸಿಎಫ್ ಇಟ್ಟು, ಸೂಕ್ಷ್ಮದರ್ಶಕದಲ್ಲಿ ತಂತಿಗೆ ತಂತಿ ಕೂಡಿಸಿ, ಬಿಸಿ ತಲೆಯ ಯಂತ್ರದಿಂದ ಅದುಮುವುದು. ಅದಕ್ಕೆ ಮೂವತ್ತೈದು, ಗ್ಯಾರಂಟಿ ಮೂವತ್ತು ದಿನ.

ಮೂವತ್ತೈದು ಅಗ್ಗವೆನಿಸಿತು, ಏಕೆಂದರೆ ನಾನು ನೂರರೊಂದಿಗೆ ಹೋಲಿಸುತ್ತಿದ್ದೆ. ಹೋಲಿಸಬೇಕಾದದ್ದು ಇನ್ನೊಂದು ಅಂಕಿಯೊಂದಿಗೆ: ನನ್ನ ನಾಲ್ಕು ವರ್ಷದ ಮಾನಿಟರ್ ಸರಿ ಇದ್ದಿದ್ದರೆ ಎಷ್ಟಕ್ಕೆ ಮಾರಾಟವಾಗುತ್ತಿತ್ತು? ನಲವತ್ತಕ್ಕೆ. ನಲವತ್ತರ ವಸ್ತುವಿಗೆ ಮೂವತ್ತೈದು ಸುರಿಯಬೇಕು, ಆದರೂ ಬ್ಯಾಕ್‌ಲೈಟ್ ಹಳೆಯದೇ, ಉಳಿದ ಐದು ಟ್ಯಾಬ್‌ಗಳೂ ಅದೇ ಪೆಟ್ಟು ತಿಂದವೇ. ಪ್ಯಾನೆಲ್ ಬದಲಿಸಿದರೆ ಸಾಮಾನ್ಯವಾಗಿ ಬ್ಯಾಕ್‌ಲೈಟ್ ಜೊತೆಗೇ ಹೊಸದು ಬರುತ್ತದೆ ನಿಜ, ಆದರೆ ಎಂಬತ್ತು ಕೊಡುವವನು ಇನ್ನಿಪ್ಪತ್ತು ಸೇರಿಸಿದರೆ ಪೂರ್ತಿ ಹೊಸದು, ವಾರಂಟಿಯ ಸಮೇತ. ಸಾಧಾರಣ ಮಾನಿಟರ್‌ಗೆ ಈ ಲೆಕ್ಕ ಎಂದೂ ಕೂಡುವುದಿಲ್ಲ. ಬಾಂಡಿಂಗ್ ಕೂಲಿ ಸುಮಾರಾಗಿ ಅಷ್ಟೇ ಇದ್ದು ಮಾನಿಟರ್ ಹಲವು ಪಟ್ಟು ದುಬಾರಿಯಾಗಿದ್ದರೆ, ಗಾಜು ಇಡಿಯಾಗಿದ್ದು ಗೆರೆಗಳೆಲ್ಲ ಒತ್ತಿದಾಗ ಮಾಯವಾಗುತ್ತಿದ್ದರೆ, ಆಗ ನಾನೇ ಹೋಗಿ ಮಾಡಿಸುತ್ತೇನೆ. ಒತ್ತಿದರೂ ಹೋಗದ ಗೆರೆಗೆ ಬಾಂಡಿಂಗ್‌ನಿಂದ ಉಪಯೋಗವಾಗುವ ಭರವಸೆ ಇಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದವನು ಸುಮ್ಮನಿರಬೇಕಿತ್ತು. ಬೆಸುಗೆ ಕಡ್ಡಿಯನ್ನು ಬಿಸಿ ಮಾಡಿ, ಶಾಖ ತಡೆಯುವ ಟೇಪ್ ಅಡ್ಡವಿಟ್ಟು, ಪಟ್ಟಿಯ ತುದಿಯನ್ನು ನಾನೇ ಅದುಮಿದೆ. ಎರಡೂ ಗೆರೆಗಳು ಹೋದವು. ಒಂಬತ್ತು ದಿನ ಮೀಸೆ ತಿರುವಿದೆ. ಹತ್ತನೆಯ ದಿನ ಬೆಳಗ್ಗೆ ಆನ್ ಮಾಡಿದರೆ ಮೇಲಿನಿಂದ ಕೆಳಗಿನವರೆಗೆ 8.85 ಸೆಂ.ಮೀ. ಅಗಲದ ಕಪ್ಪು ಪಟ್ಟಿ. ಐದನೆಯ ಟ್ಯಾಬ್ ಪೂರ್ತಿ ಹೋಗಿತ್ತು. ಆಗಲೂ ಆಸೆ ಬಿಡದೆ ಬಾಂಡಿಂಗ್ ಮಾಡುವವರ ಬಳಿ ಒಯ್ದೆ. ಅವರು ಕನ್ನಡಕ ಏರಿಸಿ ಪಟ್ಟಿಯನ್ನು ನೋಡಿ, “ಸರ್, ಇದಕ್ಕೆ ಕಡ್ಡಿ ಮುಟ್ಟಿಸಿದ್ದೀರಾ?” ಎಂದು ಕೇಳಿದರು. ಹೌದೆಂದೆ. ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಮಿಲಿಮೀಟರ್‌ಗೆ ಇಪ್ಪತ್ತರಂತೆ ಬಾಚಣಿಗೆಯ ಹಲ್ಲಿನ ಹಾಗೆ ನಿಂತಿರಬೇಕಾದ ತಂತಿಗಳು, ಫಿಲ್ಮ್ ಸುಕ್ಕುಗಟ್ಟಿದ್ದರಿಂದ ತುದಿಯಲ್ಲಿ ಒಂದರ ಮೇಲೊಂದು ವಾಲಿದ್ದವು. “ಮೊದಲೇ ತಂದಿದ್ದರೆ ಪ್ರಯತ್ನಿಸಬಹುದಿತ್ತು. ಈಗ ಈ ಪಟ್ಟಿಯನ್ನು ಗಾಜಿನ ತಂತಿಗೆ ಹೊಂದಿಸಲು ಆಗುವುದಿಲ್ಲ” ಎಂದು ಹೇಳಿ, ನೋಡಿದ್ದಕ್ಕೆ ಹಣ ತೆಗೆದುಕೊಳ್ಳದೆ ಕಳುಹಿಸಿದರು.

ಹೊಸ ಮಾನಿಟರ್ ಕೊಂಡೆ. ಹಳೆಯದು ಅದರ ಪಕ್ಕದಲ್ಲೇ ಎರಡನೆಯ ಪರದೆಯಾಗಿ ನಿಂತಿದೆ. ಎಡಗಡೆಯ 35.4 ಸೆಂ.ಮೀ.ಯಲ್ಲಿ ಓದಬೇಕಾದ ಕಡತಗಳನ್ನು ತೆರೆದಿಡುತ್ತೇನೆ. ಕಪ್ಪು ಪಟ್ಟಿಯ ಆಚೆ ಉಳಿದಿರುವ ಆರನೆಯ ಟ್ಯಾಬ್‌ನ ಪಾಲಿನಲ್ಲಿ ಗಡಿಯಾರ ಓಡುತ್ತಿದೆ.